ಬೀಗ ಹಾಕಿಟ್ಟ ನಲವತ್ತು ಪ್ರಶ್ನೆಗಳು

ಯೋಜನೆ ಹಾಕುವುದೆಂದರೆ ಮೇಷ್ಟ್ರಿಗೆ ಪ್ರಾಣ. ಹಾಕಿದಂತೆ ನಡೆಯುವುದು ಬೇರೆ ಮಾತು. ಎಂಜಿನಿಯರಿಂಗ್ ಕಾಲೇಜಿನ ಮೂರನೆಯ ಮಹಡಿಯಲ್ಲಿ, ಕುಡಿಯುವ ನೀರಿನ ನಲ್ಲಿಯ ಪಕ್ಕದ ಕೋಣೆಯಲ್ಲಿ ಕೂತು ಅವರು ಮಷೀನ್ ಲರ್ನಿಂಗ್, ಎಂದರೆ ಕಂಪ್ಯೂಟರಿಗೆ ಉದಾಹರಣೆ ತೋರಿಸಿ ಕಲಿಸುವ ವಿದ್ಯೆಯ, ಪಾಠ ಮಾಡುತ್ತಿದ್ದರು. ಆ ವಿದ್ಯೆಯನ್ನು ಯಾರೂ ಮೂಸಿ ನೋಡದ ಕಾಲದಲ್ಲೂ ಅದನ್ನೇ ಹೇಳಿಕೊಟ್ಟಿದ್ದರು. ಊರೆಲ್ಲ ಅದರ ಹಿಂದೆ ಬಿದ್ದ ಮೇಲೂ ಅದನ್ನೇ ಹೇಳಿಕೊಡುತ್ತಿದ್ದರು. ಈ ನಡುವೆ ಬದಲಾದದ್ದು ಅವರ ಕನ್ನಡಕದ ನಂಬರು ಮಾತ್ರ.

ಅವರ ಕೋಣೆಗೆ ಒಂದು ಮಧ್ಯಾಹ್ನ ಕೊನೆಯ ವರ್ಷದ ಹುಡುಗಿಯೊಬ್ಬಳು ಬಂದಳು. ಹಾಸ್ಟೆಲಿನ ಗೆಳತಿಯರು ಅವಳಿಗೆ ‘ಪಿಸುಮಾತು’ ಎಂದು ಹೆಸರಿಟ್ಟಿದ್ದರು. ಗೊತ್ತಿದ್ದದ್ದನ್ನೂ ಗುಟ್ಟು ಹೇಳುವವಳಂತೆ ಹೇಳುತ್ತಿದ್ದಳು.

“ಸರ್, ಎರಡು ಇಂಟರ್‌ವ್ಯೂ ಹೋಯ್ತು. ಎರಡರಲ್ಲೂ ಮಾತೇ ಬರ್ಲಿಲ್ಲ. ಇನ್ನು ಬರೋದು ಒಂದೇ ಕಂಪನಿ.”

“ಅದೂ ಹೋದ್ರೆ?”

“ಸೋದರಮಾವನ ಟೈಲ್ಸ್ ಅಂಗಡಿ ಇದೆಯಲ್ಲ ಸರ್. ಗಲ್ಲಾಪೆಟ್ಟಿಗೆ ಮುಂದೆ ಕುರ್ಚಿ ಈಗ್ಲೇ ಒರೆಸಿಟ್ಟಿದಾರೆ. ಅಲ್ಲಿ ಕೂತವರು ಎದ್ದಿದ್ದನ್ನ ನಾನು ನೋಡಿಲ್ಲ.”

ನಗುವ ಮಾತೇ. ಹೇಳಿದವಳು ಮಾತ್ರ ನಗಲಿಲ್ಲ.

ಇಂಟರ್‌ವ್ಯೂಗೆ ಎಂಟು ವಾರವಿತ್ತು. ಮೇಷ್ಟ್ರು ಅಂದೇ ಕೂತು ಯೋಜನೆ ಹಾಕಿದರು. ಮೊದಲು ಸಂಭವನೀಯತೆ, ಸಂಖ್ಯಾಶಾಸ್ತ್ರ, ಮ್ಯಾಟ್ರಿಕ್ಸ್. ತಳಪಾಯವಿಲ್ಲದೆ ಗೋಡೆ ಏಳುವುದಿಲ್ಲವೆಂದು. ಎರಡನೆಯ ವಾರ ರಿಗ್ರೆಶನ್, ತಪ್ಪನ್ನು ಅಳೆದು ಹೆಜ್ಜೆಹೆಜ್ಜೆಯಾಗಿ ಇಳಿಸುವ ಲೆಕ್ಕ. ಆಮೇಲೆ ಡಿಸಿಷನ್ ಟ್ರೀ ಮತ್ತದರ ಮರಿಮಕ್ಕಳು. ನಾಲ್ಕನೆಯದು ಪೂರ್ತಿ ಪರೀಕ್ಷಿಸುವ ವಿದ್ಯೆಗೆ: ಮಾಡೆಲ್ ಎನ್ನುವ ಆ ಕಲಿಸಿದ ಪ್ರೋಗ್ರಾಂ ನಿಜಕ್ಕೂ ಕಲಿತಿದೆಯೋ, ಬಾಯಿಪಾಠ ಒಪ್ಪಿಸುತ್ತಿದೆಯೋ ಎಂದು ಪತ್ತೆಹಚ್ಚುವುದು. ನ್ಯೂರಲ್ ನೆಟ್‌ವರ್ಕಿಗೆ ಐದನೆಯ ವಾರ, ಬೇರೆಯವರು ಬರೆದಿಟ್ಟ ಕೋಡ್ ಲೈಬ್ರರಿಯ ಹಂಗಿಲ್ಲದೆ ಕೋಡ್ ಬರೆಯುವುದಕ್ಕೂ ಡೇಟಾ ಹೆಕ್ಕುವ ಎಸ್‌ಕ್ಯೂಎಲ್‌ಗೂ ಆರನೆಯದು, ಅವಳದೇ ಪ್ರಾಜೆಕ್ಟನ್ನು ಹಿಂದೆಮುಂದೆ ತಿರುಗಿಸಿ ನೋಡುವುದಕ್ಕೆ ಏಳನೆಯದು. ದಿನಾ ಬೆಳಿಗ್ಗೆ ಒಂದು ಕೋಡಿಂಗ್ ಲೆಕ್ಕ ತಪ್ಪುವಂತಿಲ್ಲ. ಪ್ರತಿ ಶನಿವಾರ ಮೇಷ್ಟ್ರ ಮುಂದೆ ಅಣಕು ಇಂಟರ್‌ವ್ಯೂ.

ಎಂಟನೆಯ ವಾರಕ್ಕೆಂದು ಅವರು ನಲವತ್ತು ಪ್ರಶ್ನೆಗಳನ್ನು ಬೇರೆಯಾಗಿ ಬರೆದು ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. “ಇವನ್ನ ನೀನು ಕೊನೇ ವಾರದವರೆಗೂ ನೋಡ್ಬಾರದು ಕಣಮ್ಮ. ನೋಡಿರೋ ಪ್ರಶ್ನೆಯಲ್ಲಿ ಪರೀಕ್ಷೆ ಮಾಡಿದ್ರೆ ನಿನಗೆಷ್ಟು ಬರುತ್ತೆ ಅಂತ ನನಗೆ ಹ್ಯಾಗೆ ಗೊತ್ತಾಗುತ್ತೆ?” ಎಂದರು. ಮಾಡೆಲ್‌ಗಳ ವಿಷಯದಲ್ಲಿ ತರಗತಿಯಲ್ಲಿ ಹೇಳುತ್ತಿದ್ದುದೂ ಇದೇ ಮಾತು.

ಮೊದಲ ಎರಡು ಶನಿವಾರ ಹುಡುಗಿ ಎದುರಿಗೆ ಕೂತು ಬೆವರಿದಳೇ ಹೊರತು ಬಾಯಿ ಬಿಡಲಿಲ್ಲ. ಎರಡನೆಯ ಸಲ ಕಣ್ಣಲ್ಲಿ ನೀರು ಬಂತು. ಮೇಷ್ಟ್ರು ಪ್ರಶ್ನೆ ಕೇಳುವುದನ್ನು ಅಲ್ಲಿಗೇ ನಿಲ್ಲಿಸಿ ಅವಳನ್ನು ಕಳಿಸಿಕೊಟ್ಟರು. ಮೂರನೆಯ ಶನಿವಾರ ಅವರು ಡ್ರಾಯರಿನಿಂದ ಒಂದೇ ಒಂದು ಪ್ರಶ್ನೆ ತೆಗೆದರು. ಹಿಂದಿನ ದಿನ, ಮಾತಿಗೆ ಮಾತು ಬಂದಂತೆ, ಅದರ ಸುಳಿವನ್ನೂ ಕೊಟ್ಟಿದ್ದರು. ಹುಡುಗಿ ಉತ್ತರ ಹೇಳಿದಳು. ದನಿ ಒಂದು ಗೇಣು ಮೇಲೆದ್ದಿತ್ತು. ಮುಂದಿನ ವಾರ ನಾಲ್ಕು ತೆಗೆದರು. ತಪ್ಪಿದ್ದನ್ನು ತಿದ್ದಿ, ಅದನ್ನೇ ಮತ್ತೆ ಕೇಳಿದರು. ಆರನೆಯ ವಾರದ ಹೊತ್ತಿಗೆ ಡ್ರಾಯರಿಗೆ ಬೀಗ ಹಾಕುವ ಪದ್ಧತಿಯೇ ನಿಂತುಹೋಯಿತು. ಪಿಸುಮಾತು ನಲವತ್ತಕ್ಕೆ ಮೂವತ್ತೆಂಟು ಹೇಳಿದಳು.

“ನೋಡೇ, ಹುಡುಗಿ ಹೆಂಗೆ ಚಿಗುರಿದಾಳೆ!” ಎಂದು ಮನೆಯಲ್ಲಿ ಹೆಂಡತಿಯ ಮುಂದೆ ಎದೆಯುಬ್ಬಿಸಿದರು.

“ಚಿಗುರಿದ್ದು ಅವಳೋ ನೀವೋ?” ಎಂದು ಆಕೆ ಬಟ್ಟೆ ಮಡಚುತ್ತಲೇ ಕೇಳಿದರು. ಮೇಷ್ಟ್ರು ಅದನ್ನು ಮೆಚ್ಚುಗೆ ಎಂದೇ ತಿಳಿದರು.

ಏಳನೆಯ ವಾರ ಅವರ ಹಳೆಯ ಶಿಷ್ಯನೊಬ್ಬ ಕಾಲೇಜಿಗೆ ಬಂದಿದ್ದ. ಇಂಥ ಇಂಟರ್‌ವ್ಯೂಗಳನ್ನು ನಡೆಸುವುದೇ ಈಗ ಅವನ ಕೆಲಸದ ಒಂದು ಭಾಗ. ಮೇಷ್ಟ್ರು ಅವನನ್ನು ಹೆಚ್ಚುಕಡಿಮೆ ಕೈಹಿಡಿದೇ ಎಳೆದುತಂದು ಹುಡುಗಿಯ ಮುಂದೆ ಕೂರಿಸಿದರು. ಸಿದ್ಧಮಾಡಿದ ಅಡುಗೆಯ ಮುಚ್ಚಳ ತೆಗೆಯುವವರಂತೆ ಪಕ್ಕದಲ್ಲಿ ನಿಂತರು.

ಶಿಷ್ಯ ನಿಧಾನವಾಗಿ ಕೇಳಿದ: “ನಿಮ್ಮ ಪ್ರಾಜೆಕ್ಟ್ ಏನಮ್ಮ?”

“ಎದೆಯ ಎಕ್ಸ್‌ರೇ ನೋಡಿ ನ್ಯುಮೋನಿಯಾ ಇದೆಯಾ ಅಂತ ಹೇಳೋದು ಸರ್. ನೂರಕ್ಕೆ ತೊಂಬತ್ತೇಳು ಸರಿ ಬರುತ್ತೆ.”

“ಭಾರೀ ಆಯ್ತಲ್ಲ. ಡೇಟಾ ಲೀಕೇಜ್ ಅಂದ್ರೆ?”

“ಪರೀಕ್ಷೆಗೆ ಎತ್ತಿಟ್ಟ ಡೇಟಾದ ಮಾಹಿತಿ ಕಲಿಯೋ ಹಂತದಲ್ಲೇ ಮಾಡೆಲ್‌ಗೆ ಸೋರಿಹೋಗೋದು. ಆಗ ಅಂಕ ಸುಳ್ಳೇ ಜಾಸ್ತಿ ಕಾಣುತ್ತೆ.” ಗಂಟೆ ಹೊಡೆದಂತೆ ಬಂತು ಉತ್ತರ. ನಲವತ್ತರಲ್ಲಿ ಹದಿನೇಳನೆಯ ಪ್ರಶ್ನೆ! ಮೇಷ್ಟ್ರ ಮುಖ ಅರಳಿತು.

“ಸರಿ. ಒಬ್ಬ ರೋಗಿಗೆ ಎಷ್ಟು ಎಕ್ಸ್‌ರೇ ಇವೆ ನಿಮ್ಮ ಹತ್ರ?”

“ಕೆಲವರಿಗೆ ನಾಲ್ಕೈದು ಇವೆ ಸರ್.”

“ಕಲಿಯೋಕೆ, ಪರೀಕ್ಷೆಗೆ ಅಂತ ಹ್ಯಾಗೆ ಭಾಗ ಮಾಡಿದ್ರಿ?”

“ಎಲ್ಲ ಚಿತ್ರ ಕಲಸಿ...” ಎಂದವಳು ಮಾತನ್ನು ಅಲ್ಲಿಗೇ ನಿಲ್ಲಿಸಿದಳು. ದನಿ ಹಳೆಯ ಜಾಗಕ್ಕೇ ಇಳಿದಿತ್ತು. ಒಬ್ಬನೇ ರೋಗಿಯ ಚಿತ್ರಗಳು ಎರಡೂ ಕಡೆ ಹಂಚಿಹೋಗಿದ್ದವು. ಅವಳ ಮಾಡೆಲ್ ರೋಗವನ್ನಷ್ಟೇ ಅಲ್ಲ, ಮೊದಲೇ ಕಂಡಿದ್ದ ಅದೇ ಪಕ್ಕೆಲುಬುಗಳನ್ನೂ ಗುರುತು ಹಿಡಿಯುತ್ತಿದ್ದಿರಬೇಕು. ತೊಂಬತ್ತೇಳನ್ನು ನಂಬುವಂತಿರಲಿಲ್ಲ.

ಶಿಷ್ಯ ನೊಂದವನಂತೆ ಮೇಷ್ಟ್ರ ಕಡೆ ನೋಡಿದ. “ಸರ್, ಇದನ್ನ ನಮಗೆ ಕಲಿಸಿದವರೇ ನೀವು.”

ಮೇಷ್ಟ್ರು ತೆರೆದೇ ಇದ್ದ ಡ್ರಾಯರನ್ನು ನೋಡುತ್ತ ನಿಂತರು. ಹುಡುಗಿ ಎಕ್ಸ್‌ರೇಗೆ ಮಾಡಿದ್ದನ್ನೇ ಅವರು ಹುಡುಗಿಗೆ ಮಾಡಿದ್ದರು. ಕಂಡ ಪ್ರಶ್ನೆಯನ್ನೇ ಮತ್ತೆ ಕೇಳಿ, ಬಂದ ಅಂಕಕ್ಕೆ ತಾವೇ ಚಪ್ಪಾಳೆ ತಟ್ಟಿಕೊಂಡಿದ್ದರು. ಕೈಯಲ್ಲಿ ಉಳಿದದ್ದು ಒಂದು ವಾರ. ಅಳೆಯುವ ಕೋಲು ಒಂದೂ ಉಳಿದಿರಲಿಲ್ಲ.

ಶಿಷ್ಯ ಹೋದ ಮೇಲೆ ಅವರು ಕುರ್ಚಿ ಎಳೆದುಕೊಂಡು ಅವಳ ಎದುರು ಕೂತರು. “ತಪ್ಪು ನಂದು ಕಣಮ್ಮ. ನೀನು ಅಳೋದನ್ನ ನೋಡೋಕಾಗದೆ ಹೀಗೆ ಮಾಡ್ದೆ.”

“ನಾನು ಅತ್ತಿದ್ದು ಉತ್ತರ ಬರಲ್ಲ ಅಂತಲ್ಲ ಸರ್,” ಎಂದಳು. “ನೀವು ಬೇಜಾರ್ ಮಾಡ್ಕೋತೀರಿ ಅಂತ.”

ಮೇಷ್ಟ್ರು ಎದ್ದುಹೋಗಿ ಒಂದು ಲೋಟ ನೀರು ಕುಡಿದು ಬಂದರು.

ಎಂಟನೆಯ ವಾರದಲ್ಲಿ ಯೋಜನೆಯಂತೆ ಏನೂ ನಡೆಯಲಿಲ್ಲ. ಹುಡುಗಿ ರೋಗಿಗಳ ಲೆಕ್ಕದಲ್ಲಿ ಚಿತ್ರಗಳನ್ನು ಬೇರೆಮಾಡಿದಳು. ಒಬ್ಬ ರೋಗಿಯ ಎಲ್ಲ ಎಕ್ಸ್‌ರೇ ಒಂದೇ ಕಡೆ. ಮಾಡೆಲ್‌ಗೆ ಮೊದಲಿಂದ ಕಲಿಸಿದಳು. ತೊಂಬತ್ತೇಳು ಎಂಬತ್ತೊಂದಕ್ಕೆ ಇಳಿಯಿತು. ಅವಳು ಆ ಅಂಕಿಯನ್ನು ಮನೆಯಲ್ಲಿ ಯಾರೋ ಕಾಯಿಲೆ ಬಿದ್ದ ಸುದ್ದಿಯಂತೆ ತಂದು ಹೇಳಿದಳು. “ಇದು ಚಿಕ್ಕದು, ಆದ್ರೆ ನಿನ್ನದು,” ಎಂದರು ಮೇಷ್ಟ್ರು. ಅಣಕು ಇಂಟರ್‌ವ್ಯೂ ನಡೆಸಲು ಪಕ್ಕದ ವಿಭಾಗದವರನ್ನು ಕಾಡಿಬೇಡಿ ಕರೆಸಿದರು, ತಾವು ಬಾಗಿಲ ಹೊರಗೆ ನಿಂತರು. ಒಳಗೆ ಮೌನವಾದಾಗಲೆಲ್ಲ ಇವರ ನಾಲಿಗೆ ತುರಿಸುತ್ತಿತ್ತು. ಮೌನ ಒಳಗೇ ಮುಗಿಯುವವರೆಗೂ ಕಾದರು.

ಇಂಟರ್‌ವ್ಯೂ ಮುಗಿಸಿ ಬಂದಾಗ ಅವಳ ಮುಖದಿಂದ ಏನೂ ತಿಳಿಯಲಿಲ್ಲ.

“ನಿಮ್ಮ ನಲವತ್ತರಲ್ಲಿ ಒಂದೂ ಬರ್ಲಿಲ್ಲ ಸರ್.”

“ಅಯ್ಯೋ.”

“ಪ್ರಾಜೆಕ್ಟ್ ಕೇಳಿದ್ರು. ಎಂಬತ್ತೊಂದು ಅಂದೆ. ಕಡಿಮೆ ಆಯ್ತಲ್ಲ ಅಂದ್ರು. ಮೊದಲು ತೊಂಬತ್ತೇಳಿತ್ತು, ಅದು ಸುಳ್ಳು, ಯಾಕೆ ಅಂತ ಹೇಳ್ತೀನಿ ಅಂದೆ.”

“ಜೋರಾಗಿ ಹೇಳಿದೆಯಾ?”

“ಸ್ವಲ್ಪ ಜೋರಾಗಿ ಮಾತಾಡಿ ಅಂತ ಎರಡ್ಸಲ ಹೇಳಿದ್ರು. ಆದ್ರೆ ಪೂರ್ತಿ ಹೇಳ್ದೆ.”

ಸಂಜೆಗೆ ಫಲಿತಾಂಶ ಬಂತು. ಕೆಲಸವಲ್ಲ, ಆರು ತಿಂಗಳ ಇಂಟರ್ನ್‌ಶಿಪ್. ಆಮೇಲೆ ನೋಡೋಣ ಎಂಬ ಮಾತು. ಟೈಲ್ಸ್ ಅಂಗಡಿಯ ಕುರ್ಚಿ ಆರು ತಿಂಗಳಾದರೂ ಖಾಲಿ ಇರುತ್ತದೆ. ಹುಡುಗಿ ಮೇಷ್ಟ್ರಿಗೆ ಕೈಮುಗಿದು ಹೋದಳು. ಆ ಅರ್ಧ ಗೆಲುವನ್ನು ಅವರು ತಮ್ಮ ಹೆಸರಿಗೆ ಬರೆದುಕೊಳ್ಳಲಿಲ್ಲ. ಹೆಂಡತಿಗೂ ಸುದ್ದಿಯನ್ನಷ್ಟೇ ಹೇಳಿದರು.

ಮುಂದಿನ ವರ್ಷ ಇನ್ನೊಬ್ಬ ವಿದ್ಯಾರ್ಥಿಗೆ ಮತ್ತೆ ಎಂಟು ವಾರದ ಯೋಜನೆ ಹಾಕುವಾಗ ಮೇಷ್ಟ್ರು ಕೊನೆಯ ವಾರದ ಪ್ರಶ್ನೆಗಳನ್ನು ತಾವು ಬರೆಯಲಿಲ್ಲ. ಆ ಕೆಲಸವನ್ನು ಹಳೆಯ ಶಿಷ್ಯನಿಗೆ ಫೋನಿನಲ್ಲಿ ಒಪ್ಪಿಸಿದರು.

“ನೀನೇ ಇಟ್ಕೋಪ್ಪ. ಮಧ್ಯದಲ್ಲಿ ನಾನು ಫೋನ್ ಮಾಡಿ ಕೇಳಿದ್ರೂ ಕೊಡ್ಬೇಡ.”

“ಕೇಳ್ತೀರಾ ಸರ್?”

ಮೇಷ್ಟ್ರು ಪ್ರಾಮಾಣಿಕವಾಗಿ ಯೋಚಿಸಿದರು. “ಮೂರನೇ ವಾರದ ಹೊತ್ತಿಗೆ,” ಎಂದರು.