ಎಂಟು ಮಕ್ಕಳ ಭಾರ

ಪ್ರೇಮಲಾ ಬಾಯಿ ಮನೂರ್ ಕಡಿ ಹೆಣ್ಣುಮಗಳು. ತೆಲುಗು ಸೀಮಿ ಗಡಿಯಾಗ, ಕಂಗ್ಟಿ ಹಾದ್ಯಾಗಿನ ಒಂದು ಸರ್ಕಾರಿ ಹೈಸ್ಕೂಲಿನಾಗ ಕನ್ನಡ ಮೀಡಿಯಮ್ಮಿನ ಟೀಚರ್. ನಾರಾಯಣಖೇಡದಿಂದ ದಿನಾ ಶೇರ್ ಆಟೋದಾಗ ಡ್ರೈವರ್ ಬಾಜೂಕ ಅರ್ಧಾ ಒಳಗ, ಅರ್ಧಾ ಹೊರಗ ಕೂತು ಹೋಗ್ತಾಳ. ಅಕಿ ಸೆರಗು ಗಾಳ್ಯಾಗ ಹಾರೂದ ನೋಡಿ ಹಾದಿಮ್ಯಾಗಿನ ಮಂದಿ ಸಾಲಿ ಟೈಮ್ ಆತು ಅಂತ ತಿಳ್ಕೋತಾರ. ಅಕಿ ಗಂಡ ಜಹೀರಾಬಾದಿನಾಗ ಸೈಕಲ್ ಅಂಗಡಿ ಇಟ್ಟಾನ, ಆದ್ರ ಹೆಂಡ್ತಿಗಿ ಒಂದು ಸೈಕಲ್ ಕೊಟ್ಟಿಲ್ಲ. ಇರ್ಲಿ ಬಿಡ್ರಿ, ಗಂಡಸ್ರ ಮಾತು ಹಿಡ್ಕೊಂಡು ಕೂತ್ರ ಕತಿ ಮುಂದಕ ಹೋಗಂಗಿಲ್ಲ.

ಅಕಿ ಹತ್ತನೇತ್ತಿನಾಗ ಎಂಟೇ ಮಂದಿ ಮಕ್ಕಳು. ಒಂದು ಕಾಲಕ್ಕ ಮೂವತ್ತೈದು ಇದ್ದರಂತ. ಆಮ್ಯಾಲ ಒಬ್ಬೊಬ್ಬರು ತೆಲುಗು ಮೀಡಿಯಮ್ಮಿಗಿ ಹೋದ್ರು, ಉಳಿದದ್ದು ಎಂಟು. ಗಣಿತದ ಮಾಸ್ತರ ವರ್ಗ ಆಗಿ ಹೋದ ಮ್ಯಾಲ ಹೊಸಾ ಮಾಸ್ತರ ಬರ್ಲೇ ಇಲ್ಲ. ಕನ್ನಡಾ, ಗಣಿತ, ವಿಜ್ಞಾನ ಎಲ್ಲಾ ಪ್ರೇಮಲಾನೇ. ಆಟದ ಸೀಟಿ ಸೈತ ಅಕಿ ಕೊಳ್ಳಾಗೇ. ತೊಗರಿ ರಾಶಿ ಬಂತಂದ್ರ ಎಂಟರಾಗ ಐದು ಮಂದಿ ಹೊಲಕ್ಕ. ಮತ್ತ ಗಣಿತದಾಗ ನೂರಕ್ಕ ನೂರು ಬರ್ಬೇಕಂದ್ರ ಎಲ್ಲಿಂದ ಬರ್ತದ? ಅರ್ಧ ವರ್ಷದ ಪರೀಕ್ಷಾದಾಗ ಅಕಿ ಮಕ್ಕಳ ಸರಾಸರಿ ಮೂವತ್ತಾರು ಆತು. ಬಾಜೂಕಿನ ತೆಲುಗು ಸೆಕ್ಷನ್ನಿನಾಗ ಅರವತ್ನಾಲ್ಕು ಮಂದಿ, ಅವರ ಸರಾಸರಿ ಅರವತ್ಮೂರು.

ಈಗ ಹೆಡ್‌ಮಾಸ್ತರ ಮನ್ಮಥಪ್ಪನವರ ಬಗ್ಗೆ ಹೇಳ್ತೀನಿ. ಭಾಳ ದೊಡ್ಡ ಮನುಷ್ಯಾ. ಹಣಿ ತುಂಬ ಇಬತ್ತಿ, ಬಾಯಿ ತುಂಬ ಸಮಾನತೆ. ನನ್ನ ಸಾಲ್ಯಾಗ ಯಾರೂ ದೊಡ್ಡವ್ರಿಲ್ಲ, ಯಾರೂ ಸಣ್ಣವ್ರಿಲ್ಲ, ಎಲ್ಲಾ ಸೆಕ್ಷನ್ನೂ ನನಗ ಒಂದೇ ಅಂತಿದ್ರು. ಸಮಾನತೆ ಅವ್ರ ಕುರ್ಚಿ ತನಕ ಬಂದು ಅಲ್ಲೇ ನಿಂದರ್ತಿತ್ತು. ಇಡೀ ಸ್ಟಾಫ್‌ರೂಮಿನಾಗ ಗಾದಿ ಇದ್ದ ಕುರ್ಚಿ ಅದೊಂದೇ.

ಆ ಸಾಲ್ಯಾಗ ಹಳೀ ಪದ್ಧತಿ ಒಂದದ. ಹತ್ತನೇತ್ತಿನ ಪರೀಕ್ಷಾ ಮುಗದ ಮ್ಯಾಲ ಟೀಚರ್‌ಗಳು ತಂತಮ್ಮ ಸೆಕ್ಷನ್ ಸರಾಸರಿ ಬಾಯಿಲೇ ಹೇಳ್ಬೇಕು, ಹೆಡ್‌ಮಾಸ್ತರ ಅವೆಲ್ಲಾ ಕೂಡಿಸಿ ಸೆಕ್ಷನ್ ಎಷ್ಟದಾವೋ ಅಷ್ಟರಿಂದ ಭಾಗಿಸಿ ಬೋರ್ಡಿನ ಮ್ಯಾಲ ಸಾಲಿ ಸರಾಸರಿ ಬರೀಬೇಕು. ಅವತ್ತೂ ಹಂಗೇ ಆತು. ಸಾಲಿ ಕಮಿಟಿ ಅಧ್ಯಕ್ಷ ಕಾಶಿನಾಥ ಬ್ಯಾಳಿ ವ್ಯಾಪಾರ ಬಿಟ್ಟು ಬಂದು ಕೂತಿದ್ದ.

ಅರವತ್ಮೂರಕ್ಕ ಮೂವತ್ತಾರು ಕೂಡ್ಸಿ, ಎರಡರಿಂದ ಭಾಗಿಸಿ, ಮನ್ಮಥಪ್ಪ ಸರ್ ಬೋರ್ಡಿನ ಮ್ಯಾಲ ನಲವತ್ತೊಂಬತ್ತೂವರಿ ಅಂತ ಬರ್ದ್ರು. ಬರ್ದವ್ರೇ ಎದಿ ಮ್ಯಾಲ ಕೈ ಇಟ್ಕೊಂಡ್ರು.

"ನೋಡ್ರಿ ಅಧ್ಯಕ್ಷರೇ, ಅರವತ್ಮೂರು ಇದ್ದ ಸಾಲಿ ಐವತ್ತರ ಕೆಳಗ ಬಿದ್ದದ. ಎಂಟು ಮಂದಿ ಅರವತ್ನಾಲ್ಕು ಮಂದಿಗಿ ಮುಳುಗಿಸ್ಯಾರ. ಕನ್ನಡಾ ಸೆಕ್ಷನ್ ತೆಲುಗಿನಾಗ ಕೂಡಿಸ್ಬೇಕಂತ ನಾಳಿ ಮ್ಯಾಗಿನ ಆಫೀಸಿಗಿ ಬರ್ದು ಕಳಸ್ತೀನಿ."

"ಸರ್, ಹತ್ತನೇತ್ತು ಅದ ರಿ," ಅಂದ್ಳು ಪ್ರೇಮಲಾ. "ನಡು ವರ್ಷದಾಗ ಭಾಷಾ ಬದಲ್ ಮಾಡಿದ್ರ ಮಕ್ಕಳು ಮಾರ್ಚಿನಾಗ ಏನ್ ಬರೀಬೇಕು?"

"ಭಾವನಾ ಬ್ಯಾಡ ಬಾಯಿ. ಲೆಕ್ಕಾ ಮಾತಾಡ್ಲಿ."

ಪ್ರೇಮಲಾನ ಆ ಎಂಟು ಮಂದ್ಯಾಗ ಧಮ್ಮಶೀಲಾ ಅಂತ ಒಬ್ಬಾಕಿ ಹುಡುಗಿ ಇದ್ಲು, ಕೂಲಿ ಮಾಡೋರ ಮಗಳು, ಈಗೀಗ ಭಿನ್ನರಾಶಿ ತಿಳಿಲಿಕತ್ತಿತ್ತು ಅಕಿಗಿ. ತೆಲುಗಿನಾಗ ಹಾಕಿದ್ರ ಅಕಿ ಸಾಲಿ ಬಿಟ್ಟೇ ಬಿಡ್ತಾಳ, ಇದು ಖರೇ. ಅದನ್ನ ನೆನಸ್ಕೋತ ಪ್ರೇಮಲಾ ಬೋರ್ಡ್ ನೋಡಿದ್ಳು. ನಲವತ್ತೊಂಬತ್ತೂವರಿ. ಎಂಟು ಮಂದಿ ಅಷ್ಟು ಭಾರ ಹ್ಯಾಂಗಾದ್ರು?

ಅಷ್ಟರಾಗ ಅಡಿಗಿ ಸಾಯಮ್ಮ ಊಟಕ್ಕ ಮಜ್ಜಿಗಿ ಬಕೀಟು ತಂದಿಟ್ಲು, ಬಾಜೂಕ ಒಂದು ಚೊಂಬಿನಾಗ ಉಪ್ಪಿಲ್ಲದ ಮಜ್ಜಿಗಿ. ಅಧ್ಯಕ್ಷರಿಗಿ ಬಿ.ಪಿ. ಇತ್ತು. ಉಪ್ಪು ಬಿಟ್ಟಾರ, ಖಾರಾ ಬಿಟ್ಟಿಲ್ಲ.

ಪ್ರೇಮಲಾ ಎದ್ದು ಆ ಚೊಂಬು ಕೈಯಾಗ ತಗೊಂಡ್ಲು. "ಸಾಯಮ್ಮ, ಬಕೀಟಿನಾಗ ಎಷ್ಟು ಚೊಂಬು ಮಜ್ಜಿಗಿ ಅದ?"

"ಎಂಟು ಆಗ್ತದ ಬಾಯಿ."

"ಸರ್, ಬಕೀಟಿನಾಗ ಎಂಟು ಚೊಂಬು ಉಪ್ಪಿನ ಮಜ್ಜಿಗಿ, ನನ್ನ ಕೈಯಾಗ ಒಂದು ಚೊಂಬು ಸಪ್ಪನ್ದು. ಅರವತ್ನಾಲ್ಕಕ್ಕ ಎಂಟು ಅಂದ್ರೂ ಇದೇ ಲೆಕ್ಕ. ಸುರಿತೀನಿ, ರುಚಿ ನೋಡ್ರಿ."

"ಅಯ್ಯ, ನನ್ನ ಮಜ್ಜಿಗಿ!" ಅಂದ ಕಾಶಿನಾಥ. ಅಷ್ಟರಾಗ ಸುರದಾಗಿತ್ತು.

ಮನ್ಮಥಪ್ಪ ಸರ್ ಒಂದು ಗಿಲಾಸ್ ಕುಡದ್ರು. ಸಮಾನತೆ ಪ್ರಕಾರ ಎಲ್ಲರಕಿಂತ ಪೈಲೆ ಗಿಲಾಸ್ ಅವ್ರದೇ.

"ಉಪ್ಪು ಅರ್ಧಾ ಆಗ್ಯಾದೇನ್ರಿ ಸರ್?"

"ಯಾಕ ಅರ್ಧಾ ಆಗ್ತದ? ಚೂರು ಕಮ್ಮಿ ಆಗ್ಯಾದಷ್ಟೇ. ಬಕೀಟು ದೊಡ್ಡದದ ಬಾಯಿ, ಒಂದು ಚೊಂಬಿನಿಂದ ಏನಾಗ್ತದ?"

"ಮತ್ತ ತೆಲುಗು ಸೆಕ್ಷನ್ ದೊಡ್ಡದಿಲ್ಲೇನ್ರಿ? ನೀವು ಅರವತ್ಮೂರಕ್ಕೂ ಮೂವತ್ತಾರಕ್ಕೂ ಸರಿ ಪಾಲು ಕೊಟ್ಟು ನಟ್ಟನಡುಕ ನಿಂದರ್ಸೀರಿ. ನನ್ನ ಒಂದು ಹುಡುಗಿ ಅಲ್ಲಿನ ಎಂಟು ಮಂದಿ ಸಮಾ ಆದ್ಲು. ಇದ್ಯಾವ ಸಮಾನತೆ?"

ಕಾಶಿನಾಥ ಖೊಕ್ ಅಂತ ನಕ್ಕ. ಮನ್ಮಥಪ್ಪ ಸರ್ ಇಬತ್ತಿ ಒರ್ಸ್ಕೊಂಡ್ರು. "ಹಿಂದಿನ ಹೆಡ್‌ಮಾಸ್ತರರೂ ಹಿಂಗೇ ಮಾಡ್ತಿದ್ರು. ಅವ್ರೇನು ದಡ್ಡರಾ?"

"ಅವ್ರ ಕಾಲಕ್ಕ ಎರಡೂ ಕಡಿ ಮೂವತ್ತೈದು ಮೂವತ್ತೈದು ಇದ್ರು ಸರ್. ಸಂಖ್ಯಾ ಸರೀ ಇದ್ದಾಗ ಈ ಲೆಕ್ಕ ತಪ್ಪಂಗಿಲ್ಲ. ಈಗ ಮಕ್ಕಳು ಹೋಗ್ಯಾರ, ಲೆಕ್ಕ ಅಲ್ಲೇ ಕೂತದ."

ಅಕಿ ಸೀಮೆಸುಣ್ಣ ತಗೊಂಡು ಬರೀಲಿಕ್ಕ ನಿಂತ್ಲು. ಅರವತ್ನಾಲ್ಕು ಮಂದಿಗಿ ಅರವತ್ಮೂರರಂಗ ನಾಲ್ಕು ಸಾವಿರದ ಮೂವತ್ತೆರಡು. ಎಂಟು ಮಂದಿಗಿ ಮೂವತ್ತಾರರಂಗ ಎರಡುನೂರಾ ಎಂಬತ್ತೆಂಟು. ಎಲ್ಲಾ ಸೇರ್ಸಿ ನಾಲ್ಕು ಸಾವಿರದ ಮುನ್ನೂರಾ ಇಪ್ಪತ್ತು. ಸಾಲ್ಯಾಗಿನ ಹತ್ತನೇತ್ತಿನ ಮಕ್ಕಳು ಎಪ್ಪತ್ತೆರಡು. ಭಾಗಿಸಿದ್ರ ಅರವತ್ತು. ನಯಾ ಪೈಸಾ ಹೆಚ್ಚಿಲ್ಲ, ಕಮ್ಮಿಲ್ಲ.

"ನನ್ನ ಮಕ್ಕಳಿಂದ ಸಾಲಿ ಮೂರು ಅಂಕ ಇಳದದ ಸರ್, ಹದಿಮೂರೂವರಿ ಅಲ್ಲ."

ಅರವತ್ತು ಅಂತ ಕಂಡ ಕೂಡ್ಲೇ ಹೆಡ್‌ಮಾಸ್ತರರ ಮಾರಿ ಹೂವಿನಂಗ ಅರಳ್ತು. ಪ್ರಥಮ ದರ್ಜೆ! ತಾವೇ ಕಂಡುಹಿಡ್ದಂಗ ದೊಡ್ಡದಾಗಿ ಬರ್ದು, ಅಧ್ಯಕ್ಷನ ಕೈ ಹಿಡ್ದು ಅಲುಗಾಡಿಸಿದ್ರು. ಸೆಕ್ಷನ್ ಕೂಡ್ಸೋ ಮಾತು ಅಲ್ಲಿಗೇ ಬಿಟ್ರು.

ಅದೇ ಗಳಿಗ್ಯಾಗ ಪ್ರೇಮಲಾ ಕೇಳಿದ್ಳು, "ಹಂಗಾದ್ರ ಸರ್, ಗಣಿತಕ್ಕ ಒಬ್ಬ ಮಾಸ್ತರ ಕೊಡ್ರಂತ ಮ್ಯಾಗ ಬರೀತೀರೇನ್ರಿ?"

ಮನ್ಮಥಪ್ಪ ಸರ್ ನಕ್ಕೋತ ಅಂದ್ರು, "ಈಗೇ ನೀವೇ ತೋರಿಸ್ಕೊಟ್ರಿ ಬಾಯಿ. ಎಂಟು ಮಂದಿ ಅಂದ್ರ ಮೂರೇ ಅಂಕ. ಒಂದು ಚೊಂಬಿಗಿ ಯಾರು ಮಾಸ್ತರ ಕಳಸ್ತಾರ?"

ನೋಡ್ರಿ, ಕಲಿಸಿದ ಲೆಕ್ಕ ಕಲಿಸಿದಾಕಿಗೇ ಎಷ್ಟು ಲಗೂ ಹಲ್ಲು ಕಿಸಿತದ. ಪ್ರೇಮಲಾ ತಡವರಿಸ್ಲಿಲ್ಲ. "ಇಡೀ ಸಾಲಿ ಹೆಸರು ಹೇಳೂದಾದ್ರ ಅರವತ್ತು ಹೇಳ್ರಿ ಸರ್, ಚಪ್ಪಾಳಿ ಹೊಡೀತೀನಿ. ಆದ್ರ ಧಮ್ಮಶೀಲಾ ಪರೀಕ್ಷಾದಾಗ ಕೂತಾಗ ಅಕಿ ಕೈಯಾಗ ಅರವತ್ತು ಇರಂಗಿಲ್ಲ. ಮೂವತ್ತಾರು ಇರ್ತದ."

"ಬರೀರಿ ಸರ್, ಬರೀರಿ," ಅಂದ ಕಾಶಿನಾಥ. "ಇಲ್ಲಾಂದ್ರ ಈ ಅರವತ್ತರ ಕಾಗದಕ್ಕ ನಾನು ಸಹಿ ಹಾಕಂಗಿಲ್ಲ. ನನ್ನ ಮಜ್ಜಿಗಿ ಸುಮ್ನ ಹೋಗ್ಬಾರ್ದು."

ಮನ್ಮಥಪ್ಪ ಸರ್ ಬರ್ದ್ರು, ಪಾಪ. ಗಾದಿ ಕುರ್ಚಿ ಮ್ಯಾಲ ಕೂತೇ ಬರ್ದ್ರು. ಮ್ಯಾಗಿನವ್ರು ಅದನ್ನ ಎಂದು ಓದ್ತಾರೋ ದೇವ್ರಿಗೇ ಗೊತ್ತು, ಸರ್ಕಾರದ ಕಣ್ಣು ದೊಡ್ಡವು, ಆದ್ರ ನಿದ್ದಿ ಭಾಳ.

ಪ್ರೇಮಲಾ ಮಾತ್ರ ಕಾಯ್ಲಿಲ್ಲ. ಊಟ ಮುಗದ ಮ್ಯಾಲ ಬೇವಿನ ಗಿಡದ ಕೆಳಗ ಎಂಟು ಮಂದಿಗಿ ಕೂಡ್ಸ್ಕೊಂಡ್ಲು. ಎಂಟಲ್ಲ, ಆರು. ಇಬ್ಬರು ತೊಗರಿ ಹೊಲದಾಗ ಇದ್ರು. ಧಮ್ಮಶೀಲಾ ಹಲಗಿ ತೊಡಿ ಮ್ಯಾಲ ಇಟ್ಕೊಂಡು, "ಬಾಯಿ, ಮೂರರಾಗ ಎರಡು ದೊಡ್ಡದೋ, ನಾಲ್ಕರಾಗ ಮೂರು ದೊಡ್ಡದೋ?" ಅಂತ ಕೇಳಿದ್ಲು.

"ಹೇಳೇ ಹುಡುಗಿ, ನೀನೇ ಹೇಳು," ಅಂದು ಪ್ರೇಮಲಾ ಸೆರಗು ಸಿಗಿಸ್ಕೊಂಡು ನೆಲದ ಮ್ಯಾಲ ಕೂತ್ಲು.