ಬಲಗೈ ಬೇಡ

ಗಾಳಿಯಣ್ಣನಿಗೆ ಹೆತ್ತವರಿಟ್ಟ ಹೆಸರೊಂದಿತ್ತು. ಅದು ಅವನ ಗುರುತಿನ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟು ಮೂವತ್ತು ವರ್ಷ ಗಾಳಿ ಹಾಕಿದವನನ್ನು ಜನ ಇನ್ನೇನೆಂದು ಕರೆದಾರು? ಪಂಕ್ಚರ್ ಹುಡುಕಲು ಬೇರೆಯವರಿಗೆ ನೀರಿನ ಬೋಗುಣಿ ಬೇಕು. ಇವನು ಟ್ಯೂಬನ್ನು ಕಿವಿಯ ಹತ್ತಿರ ಹಿಡಿದು ಒಂದು ಸುತ್ತು ತಿರುಗಿಸಿದರೆ ಸಾಕು, ತೂತಿನ ಮೇಲೆ ಬೆರಳಿಡುತ್ತಿದ್ದ. ಅಂಗಡಿಯ ಒಳಗೋಡೆಗೆ ಒರಗಿ ಕೂತು ಅವನ ಹೆಂಡತಿ ಸೀಟ್ ಕವರ್ ಹೊಲಿಯುತ್ತಿದ್ದಳು. ಮಾತಿನಲ್ಲಿ ಗಂಡನಿಗಿಂತ ಅವಳದೇ ಒಂದು ಕೈ ಮೇಲು.

"ಈ ಕಿವಿಗೆ ಟ್ಯೂಬಿನ ಪಿಸುಮಾತೆಲ್ಲ ಕೇಳಿಸುತ್ತೆ, ಹೆಂಡತಿ ಕರೆದ್ರೆ ಮಾತ್ರ ಕೇಳಿಸಲ್ಲ" ಎಂದು ಅವಳು ಗಿರಾಕಿಗಳ ಎದುರಿಗೇ ಅನ್ನುತ್ತಿದ್ದಳು.

ಹನ್ನೊಂದು ವರ್ಷದ ಹಿಂದೆ ಅವಳ ಬಲ ಎದೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಎದೆಯ ಜೊತೆಗೆ ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಆ ತೋಳಿನಿಂದ ನೀರಿಳಿದು ಹೋಗುವ ದಾರಿಯೇ ಕಡಿದಂತಾಯಿತು, ಇನ್ನು ಆ ಕೈ ಬಾತುಕೊಳ್ಳದಂತೆ ಜೋಪಾನ ಮಾಡಬೇಕು, ಅದಕ್ಕೆ ಸೂಜಿ ಚುಚ್ಚಿಸಬೇಡಿ, ಬಿಪಿ ಪಟ್ಟಿ ಕಟ್ಟಿಸಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು. ಆದರೂ ಅದು ಬಾತೇ ಬಾತಿತು, ಸಂಜೆಯ ಹೊತ್ತಿಗೆ ಬಳೆ ಮೊಣಕೈ ಕಡೆ ಜರುಗುತ್ತಲೇ ಇರಲಿಲ್ಲ. ಅಂದಿನಿಂದ ಯಾವ ಆಸ್ಪತ್ರೆಯ ಬಾಗಿಲು ತುಳಿದರೂ ಗಾಳಿಯಣ್ಣ ಮೊದಲು ಕೂಗುತ್ತಿದ್ದುದು ಒಂದೇ ಮಾತು: "ಬಲಗೈ ಬೇಡ!" ಹೆಂಡತಿ ಅದನ್ನು ಅವನಿಗೆ ಬಾಯಿಪಾಠ ಮಾಡಿಸಿದ್ದಳು.

ಎರಡು ವರ್ಷದ ಹಿಂದೆ ಮೂತ್ರಪಿಂಡ ಕೈಕೊಟ್ಟಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಎಂದಾಯಿತು. ಬಲಗೈ ಹೇಗೂ ಮುಟ್ಟುವಂತಿಲ್ಲವಲ್ಲ, ಎಡಗೈಯ ಮಣಿಕಟ್ಟಿನ ಬಳಿ ಒಂದು ರಕ್ತನಾಳವನ್ನು ಇನ್ನೊಂದಕ್ಕೆ ಜೋಡಿಸಿ ಫಿಸ್ಟುಲಾ ಮಾಡಿದರು. ಹೃದಯದಿಂದ ರಭಸವಾಗಿ ಬರುವ ರಕ್ತ ನೇರವಾಗಿ ಹಿಂದಿರುಗುವ ನಾಳಕ್ಕೇ ನುಗ್ಗಿ, ಆ ನಾಳ ಉಬ್ಬಿ, ದಪ್ಪ ಸೂಜಿ ತಡೆಯುವಷ್ಟು ಗಟ್ಟಿಯಾಗಲು ಎರಡು ತಿಂಗಳು ಹಿಡಿಯಿತು. ಡಯಾಲಿಸಿಸ್ ಕೇಂದ್ರದ ಟೆಕ್ನಿಷಿಯನ್ ಹೆಂಗಸು ಗಾಳಿಯಣ್ಣನ ಬೆರಳನ್ನು ಅದರ ಮೇಲಿಟ್ಟು, "ಝುಂ ಅಂತಿದೆಯಲ್ಲಣ್ಣ, ಇದು ಓಡ್ತಿದ್ರೆ ಅಕ್ಕ ಓಡಾಡ್ತಾರೆ. ದಿನಾ ನೋಡ್ಕೊಳ್ಳಿ. ಈ ಕೈಗೆ ಪಟ್ಟಿ ಬಿಗಿಯೋ ಹಾಗಿಲ್ಲ, ಸಲೈನ್ ಚುಚ್ಚೋ ಹಾಗಿಲ್ಲ, ಭಾರ ಎತ್ತೋ ಹಾಗಿಲ್ಲ" ಎಂದಿದ್ದಳು.

ಬೆರಳೇಕೆ? ಅವನ ಹತ್ತಿರ ಅಂಥ ಕಿವಿಯೇ ಇತ್ತಲ್ಲ. ದಿನಾ ಬೆಳಗ್ಗೆ ಹಲ್ಲುಜ್ಜುವ ಮೊದಲು ಹೆಂಡತಿಯ ಮಣಿಕಟ್ಟಿಗೆ ಕಿವಿಯಾನಿಸಿ, ಸುಯ್ ಸುಯ್ ಎನ್ನುವ ಆ ಸದ್ದು ಕೇಳಿ, "ಓಡ್ತಿದೆ" ಎನ್ನುತ್ತಿದ್ದ. "ಹಾಗಾದ್ರೆ ನೀವೂ ಎದ್ದು ಓಡಿ, ಹಾಲು ತನ್ನಿ" ಎನ್ನುತ್ತಿದ್ದಳು ಅವಳು. ಉಬ್ಬಿದ ನಾಳ ಗಿರಾಕಿಗಳ ಕಣ್ಣಿಗೆ ಬೀಳದಿರಲೆಂದು ಅಂಗಿಗಳಿಗೆಲ್ಲ ಮಣಿಕಟ್ಟಿನವರೆಗೆ ತೋಳು ಹೊಲಿದು ಗುಂಡಿ ಹಾಕಿಕೊಂಡಿದ್ದಳು.

ಡಯಾಲಿಸಿಸ್ ಕೇಂದ್ರದಲ್ಲಿ ಅವಳ ಯಾವ ಕೈಗೆ ಏನಾಗಿದೆ ಎಂದು ಎಲ್ಲರಿಗೂ ಗೊತ್ತು. ಕೇಳದೆಯೇ ಬಿಪಿ ಪಟ್ಟಿಯನ್ನು ಕಾಲಿಗೆ ಸುತ್ತುತ್ತಿದ್ದರು. ಹಾಗಾಗಿ "ಎಡಗೈಯೂ ಬೇಡ" ಎಂದು ಬಾಯಿಬಿಟ್ಟು ಹೇಳುವ ಪ್ರಸಂಗ ಗಾಳಿಯಣ್ಣನಿಗೆ ಈ ಎರಡು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ. ತಲೆಗೆ ಗೊತ್ತಿದ್ದದ್ದು ನಾಲಗೆಗೆ ರೂಢಿಯಾಗಿರಲಿಲ್ಲ. ಎಲ್ಲ ಎಡವಟ್ಟಾದದ್ದು ಅಲ್ಲಿಯೇ.

ಆ ದಿನ ನಸುಕಿನಿಂದ ಅವಳಿಗೆ ವಾಂತಿ, ಭೇದಿ. ಬೆಳಗ್ಗೆ ಅವನು ಕಿವಿಯಿಟ್ಟಾಗ ಸದ್ದು ಮೆಲ್ಲಗಾಗಿತ್ತು, ಆದರೆ ಇತ್ತು. ಒಂಬತ್ತಕ್ಕೆ ಅವಳು ಎದ್ದು ನಿಲ್ಲಲು ಹೋಗಿ ಎಚ್ಚರ ತಪ್ಪಿ ಕುಸಿದಳು. ಡಯಾಲಿಸಿಸ್ ಕೇಂದ್ರ ಊರಿನ ಇನ್ನೊಂದು ತುದಿಗೆ. ಸಿಕ್ಕಿದ ಆಟೋ ಹತ್ತಿಸಿ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ತಂದ.

"ಏನಾದ್ರೂ ಆಪರೇಷನ್ ಆಗಿದೆಯಾ?" ಎಂದು ಚೀಟಿ ಬರೆಯುತ್ತಿದ್ದ ಸಿಸ್ಟರ್ ಕೇಳಿದಳು.

"ಬಲಗಡೆ ಎದೆ ತೆಗ್ದಿದ್ದಾರೆ ಸಿಸ್ಟರ್! ಬಲಗೈ ಬೇಡ! ಬಲಗೈಗೆ ಏನೂ ಮಾಡಬೇಡಿ!"

"ಆಯ್ತಣ್ಣ, ಕೂಗಬೇಡಿ. ಒಳ್ಳೇದಾಯ್ತು ಹೇಳಿದ್ದು." ಸಿಸ್ಟರ್ ಚೀಟಿಯ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಳು, ಬಲಗೈ ಬೇಡ. ಆಮೇಲೆ ಗಾಳಿಯಣ್ಣನ ಹೆಂಡತಿಯ ಎಡತೋಳಿಗೆ, ಅಂಗಿಯ ಮೇಲೆಯೇ, ಪಟ್ಟಿ ಸುತ್ತಿ, ಯಂತ್ರದ ಗುಂಡಿ ಒತ್ತಿದಳು. ಬಿಪಿ ತೀರಾ ಕೆಳಗಿತ್ತು. ಐದೈದು ನಿಮಿಷಕ್ಕೆ ತಾನೇ ನೋಡುವಂತೆ ಯಂತ್ರವನ್ನು ಹೊಂದಿಸಿದಳು.

ಡಾಕ್ಟರು ಬಂದರು. "ಕಿಡ್ನಿದೂ ಇದೆ ಸಾರ್, ಡಯಾಲಿಸಿಸ್..." ಎಂದು ಗಾಳಿಯಣ್ಣ ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಗದ್ದಲ. ಬಸ್ಸೊಂದು ಮಗುಚಿ ಗಾಯಾಳುಗಳು ಸಾಲಾಗಿ ಬರತೊಡಗಿದ್ದರು. ಡಾಕ್ಟರು "ಬಂದೆ" ಎಂದವರೇ ಓಡಿದರು. ಸಿಸ್ಟರ್ ಒಮ್ಮೆ ಓಡೋಡಿ ಬಂದು, ಬಲಗೈ ಬೇಡ, ಎಡಗೈಗೆ ಪಟ್ಟಿಯಿದೆ ಎಂದು ಲೆಕ್ಕ ಹಾಕಿ ಪಾದಕ್ಕೆ ಸಲೈನ್ ಸೂಜಿ ಚುಚ್ಚಿ ಹೋದಳು. ಅವಳನ್ನು ಬೈಯುವುದು ಸುಲಭ. ಆದರೆ ಕೇಳಿಸಿಕೊಂಡದ್ದನ್ನು ಅವಳು ಅಕ್ಷರಶಃ ಪಾಲಿಸಿದ್ದಳು.

ಗಾಳಿಯಣ್ಣ ಮಂಚದ ಪಕ್ಕ ನಿಂತೇ ಇದ್ದ. ಒಂದೂವರೆ ಗಂಟೆ. ಐದೈದು ನಿಮಿಷಕ್ಕೆ ಯಂತ್ರ ಗುರ್ರ್ ಎನ್ನುತ್ತಿತ್ತು, ಪಟ್ಟಿ ಉಬ್ಬುತ್ತಿತ್ತು, ಬಿಗಿಯುತ್ತಿತ್ತು, ಆಮೇಲೆ ಹಂತ ಹಂತವಾಗಿ ಗಾಳಿ ಬಿಡುತ್ತಿತ್ತು. ಬೇರೆಯವರಾಗಿದ್ದರೆ ನೋಡುತ್ತಿರಲಿಲ್ಲವೇನೋ. ಇವನ ಕಸುಬೇ ಗಾಳಿಯದು. ಎಷ್ಟು ಚೆನ್ನಾಗಿ ಹಿಡಿಯುತ್ತದೆ, ಎಲ್ಲೂ ಒಂದಿಷ್ಟೂ ಸೋರುವುದಿಲ್ಲವಲ್ಲ ಎಂದು ಮೆಚ್ಚಿಕೊಂಡ. ಬಲಗೈಯನ್ನು ಕಾಪಾಡಿದೆ ಎಂಬ ಸಮಾಧಾನ ಬೇರೆ. ಆ ಸಮಾಧಾನವನ್ನು ನೆನೆದರೆ ಈಗಲೂ ಅವನಿಗೆ ತನ್ನ ಮುಖಕ್ಕೆ ತಾನೇ ಉಗಿದುಕೊಳ್ಳಬೇಕೆನಿಸುತ್ತದೆ.

ಹನ್ನೊಂದೂವರೆಗೆ ಡಾಕ್ಟರು ಬೆವರೊರೆಸಿಕೊಳ್ಳುತ್ತ ವಾಪಸು ಬಂದರು. "ಆಗ ಏನೋ ಅಂದ್ರಲ್ಲ, ಡಯಾಲಿಸಿಸ್ ಅಂತ? ಫಿಸ್ಟುಲಾ ಎಲ್ಲಿದೆ?"

ಗಾಳಿಯಣ್ಣ ಪಟ್ಟಿಯತ್ತ ಕೈ ತೋರಿಸಿದ.

ಡಾಕ್ಟರು ಪಟ್ಟಿಯನ್ನು ಪರ್‌ ಎಂದು ಕಿತ್ತು ಬಿಸಾಕಿದರು. ತೋಳಿನ ಗುಂಡಿ ಬಿಚ್ಚಿ ಮಣಿಕಟ್ಟಿಗೆ ಬೆರಳಿಟ್ಟರು, ಸ್ಟೆತಾಸ್ಕೋಪ್ ಇಟ್ಟರು, ಜಾಗ ಬದಲಿಸಿ ಇಟ್ಟರು. ಗಾಳಿಯಣ್ಣ ತಡೆಯಲಾರದೆ ಅವರನ್ನು ಸರಿಸಿ ತಾನೇ ಬಗ್ಗಿ ಕಿವಿಯಿಟ್ಟ. ಸುತ್ತ ಗಾಯಾಳುಗಳ ನರಳಾಟ, ಚಕ್ರದ ಮಂಚಗಳ ಸದ್ದು. ಹೆಂಡತಿಯ ಕೈಯೊಳಗೆ ಮಾತ್ರ ಏನೂ ಇರಲಿಲ್ಲ.

"ಬಿಪಿ ಮೊದಲೇ ಕಮ್ಮಿ, ಮೈಯಲ್ಲಿ ನೀರಿಲ್ಲ" ಎಂದರು ಡಾಕ್ಟರು ಮೆಲ್ಲಗೆ. "ಅದರ ಮೇಲೆ ಮತ್ತೆ ಮತ್ತೆ ಬಿಗಿದಿದೆ. ಮಾಮೂಲಿ ಕೈ ಆದ್ರೆ ಏನೂ ಆಗಲ್ಲ. ಫಿಸ್ಟುಲಾದಲ್ಲಿ ರಕ್ತ ನಿಂತ್ರೆ ಹೆಪ್ಪುಗಟ್ಟುತ್ತೆ. ಬೇಗ ತೆಗೆದ್ರೆ ಕೆಲವು ಸಲ ಉಳಿಯುತ್ತೆ. ಈಗಲೇ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ."

ಆಂಬುಲೆನ್ಸಿನಲ್ಲಿ ದಾರಿಯುದ್ದಕ್ಕೂ ಗಾಳಿಯಣ್ಣ ಆ ಕೈಗೆ ಕಿವಿಯಾನಿಸಿಕೊಂಡೇ ಕೂತಿದ್ದ. ಸಲೈನ್ ಹೋಗಿ ಅವಳಿಗೆ ಅರೆಪ್ರಜ್ಞೆ ಬಂದಿತ್ತು. "ಓಡ್ತಿದೆಯಾ?" ಎಂದು ಕೇಳಿದಳು.

"ಹ್ಞೂಂ" ಎಂದ. ಮದುವೆಯಾದ ಮೇಲೆ ಅವನು ಅವಳಿಗೆ ಹೇಳಿದ ಸುಳ್ಳುಗಳನ್ನು ಬೆರಳಲ್ಲಿ ಎಣಿಸಬಹುದು. ಇದು ಎಲ್ಲಕ್ಕಿಂತ ದೊಡ್ಡದು.

ಮಧ್ಯಾಹ್ನ ಶಸ್ತ್ರವೈದ್ಯರು ಕೈ ಕೊಯ್ದು ಹೆಪ್ಪು ತೆಗೆದರು. ಸಂಜೆ ಸದ್ದು ತೆಳ್ಳಗೆ ಕೇಳಿಸಿತು. ಗಾಳಿಯಣ್ಣ ವರಾಂಡದಲ್ಲಿ ಕಂಬ ಹಿಡಿದುಕೊಂಡು ಮಗುವಿನ ಹಾಗೆ ಅತ್ತ. ಮಾರನೆಯ ಬೆಳಗ್ಗೆ ಅದು ಮತ್ತೆ ನಿಂತಿತು, ಈ ಸಲ ಏನು ಮಾಡಿದರೂ ಓಡಲಿಲ್ಲ. ಅವಳ ಕುತ್ತಿಗೆಗೆ ನಳಿಗೆ ಹಾಕಿ ಡಯಾಲಿಸಿಸ್ ಮಾಡಿದರು.

"ಕುತ್ತಿಗೆ ನಳಿಗೆ ನಂಬ್ಕೊಂಡು ಬಹಳ ದಿನ ಇರೋಕಾಗಲ್ಲ, ಸೋಂಕಿನ ಭಯ" ಎಂದು ಶಸ್ತ್ರವೈದ್ಯರು ಅವನನ್ನು ಪಕ್ಕಕ್ಕೆ ಕರೆದು ಹೇಳಿದರು. "ಬಲಗೈ ಆಗಲೇ ಬಾತಿದೆ, ಅಲ್ಲಿ ಫಿಸ್ಟುಲಾ ಮಾಡಿದ್ರೆ ಇನ್ನೂ ಬಾತುಕೊಳ್ಳುತ್ತೆ. ಎಡಗೈಲೇ ಮೊಣಕೈ ಮೇಲೆ ಒಂದು ಜಾಗ ಇದೆ. ಅವರು ಸ್ವಲ್ಪ ಚೇತರಿಸಿಕೊಳ್ಳಲಿ. ಅಲ್ಲಿವರೆಗೂ ಆ ಕೈಗೆ ಪಟ್ಟಿ, ಸೂಜಿ, ಏನೂ ಸೋಕಬಾರದು. ಇರೋದು ಅದೊಂದೇ."

ಅದೊಂದೇ. ಗಾಳಿಯಣ್ಣ ವಾರ್ಡಿಗೆ ಹಿಂದಿರುಗಿದ.

ಹೆಂಡತಿ ಎಚ್ಚರವಾಗಿದ್ದಳು. ಕುತ್ತಿಗೆಯ ನಳಿಗೆಯಿಂದಾಗಿ ತಲೆ ತಿರುಗಿಸಲಾರದೆ ಚಾವಣಿ ನೋಡುತ್ತ ಮಲಗಿದ್ದಳು. "ಪಟ್ಟಿ ಬಿಗಿದು ಹೀಗಾಯ್ತಂತೆ. ಯಾವಳು ರೀ ಆ ಸಿಸ್ಟರು?" ಎಂದಳು. "ಬುದ್ಧಿ ಬೇಡವಾ ಅವಳಿಗೆ? ನನಗೆ ಒಂದು ಸಲ ಎದುರಿಗೆ ಸಿಗಲಿ. ಅವಳ ಕೈ ಸೇದಿ ಹೋಗ."

ಅವನು ಸುಮ್ಮನಿರಬಹುದಿತ್ತು. ತಪ್ಪು ಯಾರದೆಂದು ಅವಳಿಗೆ ಹೇಳುವವರು ಬೇರೆ ಯಾರೂ ಇರಲಿಲ್ಲ. ಸುಮ್ಮನಿದ್ದರೆ ಆ ಶಾಪ ಇನ್ನೊಬ್ಬಳ ತಲೆಗೆ ಹೋಗುತ್ತಿತ್ತು, ಇವನು ಮನೆಗೆ ಹೋಗಿ ಉಣ್ಣಬಹುದಿತ್ತು.

"ಅವಳಲ್ಲ ಕಣೇ. ನಾನು."

"ಏನು ನೀವು?"

"ಬಲಗೈ ಬೇಡ ಅಂತ ಕೂಗ್ದೆ. ಎಡಗೈ ವಿಷಯ ಹೇಳಲೇ ಇಲ್ಲ. ಅವಳು ಪಟ್ಟಿ ಕಟ್ಟಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಒಂದೂವರೆ ಗಂಟೆ ನೋಡ್ತಾ ನಿಂತಿದ್ದೆ."

ಪಕ್ಕದ ಮಂಚದ ಅಜ್ಜಿ ಕೆಮ್ಮಿ, ನೀರು ಕುಡಿದು, ಮತ್ತೆ ಮಲಗಿದರೂ ಅವಳು ಮಾತಾಡಲಿಲ್ಲ. ಬೈದಿದ್ದರೆ ಬದುಕುತ್ತಿದ್ದ.

"ಓಡ್ತಿದೆಯಾ ಅಂತ ಕೇಳಿದ್ನಲ್ಲ" ಎಂದಳು ಕೊನೆಗೆ. "ಹ್ಞೂಂ ಅಂದ್ರಿ."

"ಅಂದೆ."

"ಆಗಲೇ ಗೊತ್ತಿತ್ತು ನನಗೆ. ನನ್ನ ಕೈಯಲ್ಲವಾ?" ಅವಳ ಕಣ್ಣಿನಿಂದ ನೀರಿಳಿದು ಕಿವಿಯೊಳಕ್ಕೆ ಹೋಯಿತು. ಒರೆಸಿಕೊಳ್ಳಲು ಬಲಗೈ ಎತ್ತಲು ಹೋದಳು, ಬಾತ ಕೈ ಅರ್ಧಕ್ಕೆ ನಿಂತಿತು. ಅವನು ಒರೆಸಲು ಬಗ್ಗಿದಾಗ, "ಬೇಡ" ಎಂದಳು. "ಈಗ ಬೇಡ. ಮುಟ್ಟಬೇಡಿ ಸ್ವಲ್ಪ ಹೊತ್ತು."

ಅವನು ಮಂಚದ ಕಾಲಬದಿಗೆ ಸರಿದು ನಿಂತ.

ಪಾಳಿ ಬದಲಾಗಿ ಹೊಸ ಸಿಸ್ಟರ್ ಬಂದಳು. ಎಳೆಯ ಮುಖ, ಒಂದು ಕೈಯಲ್ಲಿ ಬಿಪಿ ಪಟ್ಟಿ, ಇನ್ನೊಂದರಲ್ಲಿ ಚೀಟಿಗಳ ಕಟ್ಟು. "ಅಮ್ಮಾ, ಬಿಪಿ ನೋಡ್ತೀನಿ. ಯಾವ ಕೈ ಕೊಡ್ತೀರಿ?"

ಹೆಂಡತಿ ಚಾವಣಿಯಿಂದ ಕಣ್ಣು ಕೀಳದೆ ಕಾದಳು. ಅವಳು ಕಾಯುತ್ತಿರುವುದು ತನ್ನನ್ನೇ ಎಂದು ಗಾಳಿಯಣ್ಣನಿಗೆ ತಿಳಿಯಿತು.

"ಬಲಗೈ ಬೇಡ" ಎಂದ. ಸಿಸ್ಟರ್ ತಲೆಯಾಡಿಸಿ ಎಡಕ್ಕೆ ಬಂದು ಪಟ್ಟಿ ಬಿಡಿಸಿದಳು.

"ಎಡಗೈಯೂ ಬೇಡ!" ಅವನ ಕೂಗಿಗೆ ಇಡೀ ವಾರ್ಡು ತಿರುಗಿ ನೋಡಿತು. "ಎರಡೂ ಬೇಡ ಸಿಸ್ಟರ್. ಕಾಲಿಗೆ ಕಟ್ಟಿ. ಕಾಲಲ್ಲಿ ಸ್ವಲ್ಪ ಜಾಸ್ತಿ ತೋರಿಸುತ್ತೆ, ಕಾಲಿಂದು ಅಂತ ಬರ್ಕೊಳ್ಳಿ. ಡಾಕ್ಟರಿಗೆ ಗೊತ್ತಾಗುತ್ತೆ."

ಅವನು ಹೊದಿಕೆ ಸರಿಸಿ, ಹೆಂಡತಿಯ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಟ್ಟ. ಸಿಸ್ಟರ್ ಪಾದದ ಗಂಟಿನ ಮೇಲೆ ಪಟ್ಟಿ ಸುತ್ತಿ ಗಾಳಿ ತುಂಬಿದಳು. ಆ ಸದ್ದು ನಿಲ್ಲುವವರೆಗೂ ಅವನು ಅವಳ ಎಡಗೈಯನ್ನೇ ನೋಡುತ್ತಿದ್ದ.

"ಇನ್ನೊಂದು ಸಲ ಹೇಳಿ" ಎಂದಳು ಹೆಂಡತಿ, ಚಾವಣಿ ನೋಡುತ್ತಲೇ.

"ಎರಡೂ ಬೇಡ."

"ಹ್ಞಾಂ. ನಾಳೆ ಬೆಳಗ್ಗೆಯಿಂದ ಅದನ್ನೇ ಬಾಯಿಪಾಠ ಮಾಡಿ" ಎಂದಳು. "ಕಿವಿಯಿಟ್ಟು ಕೇಳೋಕಂತೂ ಏನೂ ಇಲ್ಲವಲ್ಲ."