ಮೂರನೆಯ ದಾರಿ ಬೇಡ ಎಂದ ಊಲಾ

ಉರ್ಶುಲಾಳನ್ನು ಎಲ್ಲರೂ ಊಲಾ ಎನ್ನುತ್ತಿದ್ದರು. ಅವಳ ಸಿಟ್ಟನ್ನು ನಮ್ಮ ಕಚೇರಿಯಲ್ಲಿ ಎಲ್ಲರೂ ಹವಾಮಾನದಂತೆ ಒಪ್ಪಿಕೊಂಡಿದ್ದೆವು. ಬೆಳಗ್ಗೆ ಅವಳು ಕೋಟು ತೂಗುಹಾಕುವ ಸದ್ದಿನಲ್ಲೇ ಇವತ್ತು ಮಾತಾಡಿಸಬಹುದೋ ಬೇಡವೋ ಎಂದು ತಿಳಿಯುತ್ತಿತ್ತು.

ಸಿಲೇಸಿಯಾ ಎಂಬ ಗಣಿ ಸೀಮೆಯ ಕತೊವಿತ್ಸೆ ನಗರದಲ್ಲಿ, ಹಳೆಯ ಅಂಚೆ ಕಚೇರಿಯ ಹಿಂದಿನ ಕಟ್ಟಡದಲ್ಲಿ ನಾವು ವಿಡಿಯೊ ಗೇಮ್ ಮಾಡುತ್ತಿದ್ದೆವು. ಊಲಾ ಕತೆಯ ಕೆಲಸದವಳು. ಆಟಗಾರನಿಗೆ ಒಪ್ಪಿಸುವ ಕೆಲಸಗಳನ್ನು, ಎಂದರೆ ಕ್ವೆಸ್ಟ್‌ಗಳನ್ನು ಹೆಣೆಯುವುದು, ಆಟದೊಳಗೆ ಎದುರಾಗುವ ಜನರ ಬಾಯಿಗೆ ಮಾತು ಬರೆಯುವುದು ಅವಳ ಪಾಲಿನದು. ಅವಳು ಬರೆದುದನ್ನು ಆಟದಲ್ಲಿ ಓಡುವಂತೆ ಜೋಡಿಸುವುದು ನನ್ನ ಪಾಲಿನದು. ನನ್ನ ಹೆಸರು ತಿಮೋನ್. ಊಲಾಗೆ ನಾನು 'ಕೊಳಾಯಿ ರಿಪೇರಿಯವನು'.

ಇಲ್ಲಿಗೆ ಬರುವ ಮೊದಲು ಅವಳು ಗ್ಯಾಸ್ ಕಂಪನಿಯ ದೂರು ವಿಭಾಗದಲ್ಲಿ ಫೋನ್ ಎತ್ತುತ್ತಿದ್ದಳು. ಬಂದ ವಿಷಯವನ್ನು ಜನ ಮೊದಲ ವಾಕ್ಯದಲ್ಲಿ ಹೇಳುವುದೇ ಇಲ್ಲ ಎಂಬುದನ್ನು ಅಲ್ಲೇ ಕಲಿತದ್ದಂತೆ. ಹೊಸಬರು ಬರೆದ ಸಂಭಾಷಣೆಯನ್ನು ಗಟ್ಟಿಯಾಗಿ ಓದಿ, "ಈ ಮುದುಕ ಮಾತಾಡ್ತಿಲ್ಲ, ವರದಿ ಒಪ್ಪಿಸ್ತಿದಾನೆ," ಎಂದು ಹಾಳೆ ಹಿಂದಿರುಗಿಸುತ್ತಿದ್ದಳು.

ನಾವು ಆಗ ಕಟ್ಟುತ್ತಿದ್ದ ಆಟ ಅವಳದೇ ಕಲ್ಪನೆ. ಎಪ್ಪತ್ತರ ದಶಕದ ಕೊನೆ, ಅವಳ ಊರು ಬಿತೋಮ್‌ನ ಒಂದು ಕಲ್ಲಿದ್ದಲ ಗಣಿ. ಒಳಗೆ ಬೆಂಕಿ ಬಿದ್ದಿದೆ. ಬೆಂಕಿಯ ಆಚೆ ಮೂವರು ಕಾರ್ಮಿಕರು ಸಿಕ್ಕಿಕೊಂಡಿದ್ದಾರೆ. ಅವರನ್ನು ಹುಡುಕಲು ಐವರ ರಕ್ಷಣಾ ತಂಡ ಇಳಿಯುತ್ತದೆ. ಆಟಗಾರ ಮೇಲೆ ಕೂತು ಕಾರ್ಯಾಚರಣೆ ನಡೆಸುವ ಎಂಜಿನಿಯರ್. ಸುರಂಗಕ್ಕೆ ಗೋಡೆ ಕಟ್ಟಿ ಮುಚ್ಚಿಸಿದರೆ ಗಾಳಿಯಿಲ್ಲದೆ ಬೆಂಕಿ ಸಾಯುತ್ತದೆ, ಐವರೂ ಮೇಲೆ ಬರುತ್ತಾರೆ, ಆ ಮೂವರು ಉಳಿಯುವುದಿಲ್ಲ. ಮುಚ್ಚದೆ ಹುಡುಕಿಸಿದರೆ ಮೂವರಲ್ಲಿ ಒಬ್ಬ ಬದುಕಿ ಸಿಗುತ್ತಾನೆ, ಆದರೆ ಗಣಿಯ ಅನಿಲ ಸಿಡಿದು ರಕ್ಷಕರಲ್ಲಿ ಇಬ್ಬರು ಹೋಗುತ್ತಾರೆ. ಇಡೀ ಆಟ ಈ ಒಂದೇ ನಿರ್ಧಾರಕ್ಕಾಗಿ. ಮೇಜಿನ ಮೇಲಿನ ಟೆಲಿಫೋನ್ ಎತ್ತಿ ಹೇಳಬೇಕು. ಹೇಳದೆ ಸುಮ್ಮನೆ ಕೂತರೆ ಅದೂ ನಿರ್ಧಾರವೇ, ಏಕೆಂದರೆ ಐವರು ಕೆಳಗೇ ಇರುತ್ತಾರೆ.

ಅಲ್ಲಿಯವರೆಗಿನ ಕ್ವೆಸ್ಟ್‌ಗಳನ್ನು ಊಲಾ ಚೆನ್ನಾಗಿ ಹೆಣೆದಿದ್ದಳು. ಕೆಳಗೆ ಯಾರು ಉಳಿದಿದ್ದಾರೆಂದು ಯಾರೂ ಆಟಗಾರನಿಗೆ ಹೇಳುವುದಿಲ್ಲ. ಕಾರ್ಮಿಕರಿಗೆ ದೀಪ ಕೊಡುವ ದೀಪದ ಕೋಣೆಗೆ ಹೋಗಿ, ಇಳಿಯುವಾಗ ಒಯ್ದ ಗುರುತಿನ ಹಿತ್ತಾಳೆ ಬಿಲ್ಲೆ ಯಾರದು ಹಲಗೆಗೆ ಮರಳಿಲ್ಲವೆಂದು ನೋಡಿ ತಿಳಿಯಬೇಕು. ಸ್ನಾನದ ಮನೆಯಲ್ಲಿ, ಇಳಿದವರು ಕಳಚಿ ಸರಪಳಿಗೆ ನೇತುಹಾಕಿದ ಬಟ್ಟೆಗಳಲ್ಲಿ ಅವರ ಅಂಗಿ ಗುರುತಿಸಬೇಕು. ಗೇಟಿನ ಬಳಿ ನಿಂತ, ಅವರಲ್ಲೊಬ್ಬನ ಅಕ್ಕನನ್ನು ಮಾತಾಡಿಸಬೇಕು. ಮೂವರಿಗೂ ಹೆಸರಿತ್ತು, ಅವರ ಬಗ್ಗೆ ಹೇಳಲು ಜನರಿಗೆ ಬಾಯಿತುಂಬ ಮಾತಿತ್ತು.

ಹೊರಗಿನವರನ್ನು ಕರೆದು ಮೊದಲ ಸಲ ಆಡಿಸಿದಾಗ ಹೆಚ್ಚುಕಡಿಮೆ ಎಲ್ಲರೂ 'ಮುಚ್ಚಬೇಡಿ' ಎಂದರು. ಯೋಚಿಸಲೂ ಇಲ್ಲ. ಸಿಕ್ಕ ಒಬ್ಬನನ್ನು ಕಂಡು ಖುಷಿಪಟ್ಟರು. ಒಬ್ಬ ಹುಡುಗಿ ಹೆಡ್‌ಫೋನ್ ತೆಗೆದು, "ಕೊನೇಲಿ ಯಾರೋ ಸತ್ರಾ? ಅದು ನಂಗೆ ಸರಿಯಾಗಿ ಗೊತ್ತಾಗ್ಲಿಲ್ಲ," ಎಂದಳು.

ಊಲಾ ಗಾಜಿನ ಆಚೆ ನಿಂತು ನೋಡುತ್ತಿದ್ದಳು. ಅವಳ ಕುತ್ತಿಗೆ ಕೆಂಪಗಾಯಿತು.

ಮಧ್ಯಾಹ್ನ ನಿರ್ದೇಶಕ ಸೆವೆರಿನ್ ಎಲ್ಲರನ್ನೂ ಕೂರಿಸಿದ. ಮೆದು ಮಾತಿನವನು, ಯಾರ ಮೇಲೂ ದನಿ ಎತ್ತಿದವನಲ್ಲ.

"ನಿರ್ಧಾರ ಆಟಗಾರರಿಗೆ ನಾಟ್ತಾ ಇಲ್ಲ. ಮೂರನೇ ದಾರಿ ಒಂದು ಇಡೋಣ. ಎಲ್ಲಾ ಕ್ವೆಸ್ಟ್ ಮುಗಿಸಿ, ಹಳೇ ಗಾಳಿ ಸುರಂಗದ ನಕ್ಷೆ ಹುಡುಕಿದೋರಿಗೆ ಎಂಟೂ ಜನ ಬದುಕ್ತಾರೆ. ಆಟ ಕೊಂಡೋರು ಎರಡನೇ ಸಲ ಆಡೋಕೆ ಒಂದು ಕಾರಣ. ಆಟಕ್ಕೆ ದುಡ್ಡು ಹಾಕಿರೋ ಪ್ರಕಾಶಕರೂ ಅದನ್ನೇ ಕೇಳ್ತಿದಾರೆ."

"ಅಂದ್ರೆ ಜಾಣರಾಗಿದ್ರೆ ಯಾರೂ ಸಾಯಲ್ಲ," ಎಂದಳು ಊಲಾ.

"ಒಂಥರಾ ಬಹುಮಾನ, ಅಷ್ಟೇ."

"ಹಾಗಾದ್ರೆ ನಿಜವಾಗಿ ಸತ್ತೋರು ಸತ್ತಿದ್ದು ಯಾರೋ ಒಂದು ಕಾಗದ ಹುಡುಕ್ಲಿಲ್ಲ ಅಂತಲಾ? ಸೆವೆರಿನ್, ನೀನು ಆಯ್ಕೆ ಕೊಡ್ತಿಲ್ಲ. ಬಚ್ಚಿಟ್ಟ ಮಿಠಾಯಿ ಹುಡುಕೋ ಆಟ ಕೊಡ್ತಿದೀಯ."

"ಇದು ಆಟಾನೇ, ಊಲಾ."

"ಹಾಗಿದ್ರೆ ನಮ್ಮೂರ ಹೆಸರು ತೆಗೆದು ಹಾಕು. ಮಿಠಾಯಿಪುರ ಅಂತ ಇಡು."

ಸಭೆ ಅಲ್ಲಿಗೆ ಮುಗಿಯಿತು. ಮೂರನೆಯ ದಾರಿ ಜೋಡಿಸು ಎಂದು ಸೆವೆರಿನ್ ನನಗೆ ಹೇಳಿದ. ನಾನು ಜೋಡಿಸತೊಡಗಿದೆ. ಸಂಜೆ ಊಲಾ ನನ್ನ ಮೇಜಿನ ಮುಂದೆ ನಿಂತಳು.

"ನೀನೂ ಅವನ ಕಡೆಯಾ?"

"ನಾನು ಕೊಳಾಯಿಯವನು. ಆದ್ರೂ ಒಂದು ಮಾತು, ಊಲಾ. ನಿನ್ನ ಮೂವರಿಗೆ ಹೆಸರು, ಅಂಗಿ, ಅಕ್ಕ ಎಲ್ಲಾ ಇದೆ. ಆ ಐವರನ್ನ ಫೈಲಲ್ಲಿ ಏನಂತ ಬರೆದಿದೀಯ ಗೊತ್ತಾ? ರಕ್ಷಕ ಒಂದು, ರಕ್ಷಕ ಎರಡು. ಐವರಿಗೂ ಸೇರಿ ಹಂಚಿಕೊಳ್ಳೋಕೆ ಅದೇ ನಾಲ್ಕು ಸಾಲು. ಹತ್ತಿರ ಹೋದ್ರೆ 'ಬೇಗ, ಬೇಗ' ಅಂತಾರೆ. ಅಂಥೋರು ಸತ್ರೆ ಯಾರಿಗೆ ನೋವು? ಎಂಜಿನಿಯರ್ ಹತ್ರ ಬರೋ ಸಹಾಯಕನಂತೂ ಬಾಯಿ ಬಿಟ್ರೆ 'ಮುಚ್ಚಿ' ಅಂತಾನೆ, ಅದೂ ರಾಕ್ಷಸನ ಥರ. ತಕ್ಕಡಿ ನೀನೇ ಒತ್ತಿ ಹಿಡಿದಿದೀಯ."

ಅವಳು ನನ್ನನ್ನು ಬಾಯಿಗೆ ಬಂದಂತೆ ಬೈದಳು. ಅದರಲ್ಲಿ ಅರ್ಧ ಸಿಲೇಸಿಯಾದ ಆಡುಮಾತು, ನನಗೆ ಪೂರ್ತಿ ತಿಳಿಯಲಿಲ್ಲ. ಬಾಗಿಲವರೆಗೆ ಹೋಗಿ ತಿರುಗಿ ನಿಂತು, "ಭಾನುವಾರ ಊಟಕ್ಕೆ ಬಾ. ಅಮ್ಮನ ಮುಂದೆ ಈ ಮಾತು ಹೇಳು, ನೋಡೋಣ," ಎಂದಳು.

ಏಕೆಂದು ಭಾನುವಾರ ಅಮ್ಮನ ಮನೆಗೆ ಹೋಗುವಾಗ ಟ್ರಾಮಿನಲ್ಲಿ ಹೇಳಿದಳು. ಅವಳು ಹುಟ್ಟುವ ಮೊದಲು ಅವಳ ಸೋದರಮಾವ ಅಲೋಯಿಸ್ ಇಂಥದೇ ಗೋಡೆಯ ಆಚೆ ಉಳಿದಿದ್ದ. ಮುಚ್ಚಲು ಹೇಳಿದವನು ಕೊನ್ರಾಡ್ ಎಂಬ ಎಂಜಿನಿಯರ್. ಆ ಮನೆಯಲ್ಲಿ ಯಾರೂ ಅವನ ಹೆಸರೆತ್ತುತ್ತಿರಲಿಲ್ಲ. ಅಜ್ಜಿ ಅವನ ಮನೆಯ ಮುಂದೆ ಹಾದಾಗಲೆಲ್ಲ ಉಗುಳುತ್ತಿದ್ದಳಂತೆ. ಊಲಾ ಆ ಸಿಟ್ಟನ್ನು ಕುಡಿದೇ ಬೆಳೆದವಳು.

ತಾಯಿ ಹಿಲ್ಡೆಗಾರ್ಡಾ ಮಾಂಸದ ಸುರುಳಿ, ಆಲೂಗಡ್ಡೆಯ ಉಂಡೆ, ಕೆಂಪು ಎಲೆಕೋಸು ಬಡಿಸಿದರು. ನಾನು ಮಾತೆತ್ತುವ ಮುನ್ನ ಊಲಾಳೇ ಕೇಳಿದಳು.

"ಅಮ್ಮಾ, ಮಾಮನನ್ನ ಹುಡುಕೋಕೆ ಇಳಿದಿದ್ರಲ್ಲ, ಆ ಐವರು ಯಾರು?"

"ಯಾಕೆ?"

"ಬರೀಬೇಕು."

"ಅವರನ್ನ ಯಾಕೆ ಬರೀತೀಯ? ಅವರೆಲ್ಲ ಬಂದ್ರಲ್ಲ. ಕೈಕಾಲು ತೊಳ್ಕೊಂಡು ಮನೆಗೆ ಹೋದ್ರು."

"ಯಾರೂ ಗೊತ್ತಿರ್ಲಿಲ್ವಾ ನಿಂಗೆ?"

ತಾಯಿ ಚಮಚ ಕೆಳಗಿಟ್ಟರು. "ಒಬ್ಬನ ಹೆಂಡತಿ ಗೊತ್ತಿದ್ಲು. ರೋಜಾಲಿಯಾ. ಬೇಕರಿಯಲ್ಲಿ ನನ್ನ ಜೊತೇನೇ ಕೆಲಸ. ಆವತ್ತು ಗೇಟಲ್ಲಿ ಚಳಿ, ಇಬ್ರೂ ಒಂದೇ ಶಾಲು ಹೊದ್ದು ನಿಂತಿದ್ವಿ. ಎಂಜಿನಿಯರ್ ಕಿಟಕಿ ಹತ್ರ ಬಂದ. ನಾನು 'ಮುಚ್ಬೇಡಿ' ಅಂತ ಕೂಗ್ದೆ. ಅವಳು ನನ್ನ ಪಕ್ಕದಲ್ಲೇ, ನನ್ನ ಶಾಲಿನ ಒಳಗಿಂದ್ಲೇ, 'ಮುಚ್ಚಿ, ನಮ್ಮೋರನ್ನ ಮೇಲೆ ಕರೀರಿ' ಅಂದ್ಲು."

ಊಲಾ ತಟ್ಟೆ ಪಕ್ಕಕ್ಕೆ ಸರಿಸಿದಳು.

"ಕೊನ್ರಾಡನ ಮೇಲಿನ ಸಿಟ್ಟು ಅಜ್ಜಿದು," ಎಂದರು ತಾಯಿ. "ನಂದು ಅವಳ ಮೇಲೆ. ಆಮೇಲೆ ಅವಳ ಮುಖ ನೋಡ್ಲಿಲ್ಲ ನಾನು. ಅವಳ ಜಾಗದಲ್ಲಿದ್ದಿದ್ರೆ ನಾನೂ ಅದನ್ನೇ ಅಂತಿದ್ದೆ. ಗೊತ್ತು. ಅದಕ್ಕೇ ಇನ್ನೂ ಉರಿಯುತ್ತೆ."

ಸೋಮವಾರ ಊಲಾ ಕೋಟು ತೂಗುಹಾಕಿದ ಸದ್ದೇ ಬರಲಿಲ್ಲ. ನೇರ ಕೂತು ಬರೆಯತೊಡಗಿದಳು. ರಕ್ಷಕರಿಗೆ ಹೆಸರು ಬಂತು. ದೊಡ್ಡ ಕತೆಗಳೇನಲ್ಲ. ಒಬ್ಬನಿಗೆ ಇಳಿಯುವ ಮುನ್ನ ಕನ್ನಡಕ ಯಾರಿಗಾದರೂ ಕೊಟ್ಟು ಹೋಗಬೇಕು, ಉಸಿರಾಟದ ಮುಖವಾಡದೊಳಗೆ ಹಾಕಲಾಗದು. ಇನ್ನೊಬ್ಬ ಎರವಲು ತಂದ ಕೊಡಲಿಯನ್ನು ನೆರೆಯವನಿಗೆ ಮರಳಿಸು ಎನ್ನುತ್ತಾನೆ. ಸಹಾಯಕನ ಮಾತನ್ನೆಲ್ಲ ಅಳಿಸಿ, ಅನಿಲದ ಅಳತೆಯನ್ನು ಮಾತ್ರ ಅವನ ಬಾಯಲ್ಲಿ ಇಟ್ಟಳು. ಅಳತೆ ಏರುತ್ತ ಹೋದಂತೆ ಅವನ ವಾಕ್ಯ ಚಿಕ್ಕದಾಗುತ್ತ ಹೋಗುತ್ತದೆ.

ಗೇಟಿನಲ್ಲಿ ಇಬ್ಬರು ಹೆಂಗಸರನ್ನು ನಿಲ್ಲಿಸಿದಳು, ಮೊದಲೇ ಇದ್ದ ಅಕ್ಕ ಮತ್ತು ರಕ್ಷಕನೊಬ್ಬನ ಹೆಂಡತಿ. ಆಟಗಾರ ಒಬ್ಬಳಿಗೆ ಕೊಟ್ಟ ಮಾತು ಇನ್ನೊಬ್ಬಳ ಕಿವಿಗೂ ಬೀಳುತ್ತದೆ. ಅದನ್ನು ಆಟ ನೆನಪಿಟ್ಟುಕೊಳ್ಳುವಂತೆ ನಾನು ಜೋಡಿಸಿದೆ. "ನಿನ್ನ ತಮ್ಮನನ್ನು ಕರೆತರುತ್ತೇನೆ" ಎಂದು ಹೇಳಿದ್ದರೆ, ಮುಂದಿನ ಸಲ ಎರಡನೆಯವಳು ಆಟಗಾರನಿಗೆ ಬೆನ್ನು ತಿರುಗಿಸಿಯೇ ಉತ್ತರಿಸುತ್ತಾಳೆ. ಯಾರಿಗೂ ಮಾತು ಕೊಡದೆ ಜಾರಿಕೊಂಡರೆ ಇಬ್ಬರೂ ಅವನನ್ನು ನೋಡಿ ಸುಮ್ಮನಾಗುತ್ತಾರೆ. ಅಂಕವಿಲ್ಲ, ಒಳ್ಳೆಯತನದ ಪಟ್ಟಿಯಿಲ್ಲ, ಇದೇ ಸರಿ ಎಂದು ಸೂಚಿಸುವ ಸಂಗೀತವೂ ಇಲ್ಲ.

ಎರಡನೆಯ ಸಲ ಆಡಿಸಿದಾಗ ಜನ ಹೆಚ್ಚುಕಡಿಮೆ ಎರಡು ಪಾಲಾದರು. ಹಲವರು ಟೆಲಿಫೋನ್ ಎತ್ತಿ ಮತ್ತೆ ಇಟ್ಟರು. ಗಡ್ಡದ ಒಬ್ಬಾತ ಎದ್ದು ಬಂದು ನಮ್ಮನ್ನೇ ತರಾಟೆಗೆ ತೆಗೆದುಕೊಂಡ. "ಯಾವುದು ಸರಿ ಅಂತ ಹೇಳಿ. ನನ್ನ ಕೈಲಿ ಕೊಲ್ಲಿಸಿ ನೀವು ಹಾಯಾಗಿ ಕೂತಿದೀರ."

"ನಂಗೂ ಗೊತ್ತಿಲ್ಲ," ಎಂದಳು ಊಲಾ.

ಆದರೂ ಸೆವೆರಿನ್ ಮೂರನೆಯ ದಾರಿ ಬಿಡಲಿಲ್ಲ. ಎಂಟೂ ಜನ ಬದುಕಿದರೆ ಗೇಟಿನಲ್ಲಿ, ದೀಪದ ಕೋಣೆಯಲ್ಲಿ, ಎಲ್ಲ ಪಾತ್ರಗಳಿಗೂ ಬೇರೆ ಮಾತು ಬೇಕಾಗುತ್ತದೆ ಎಂದು ನಾನು ಹೇಳಿದೆ. ನಟರ ದನಿ ಮುದ್ರಣ ಮುಗಿದಿತ್ತು. ಮತ್ತೆ ಕರೆಸಲು ಪ್ರಕಾಶಕರು ಒಪ್ಪಲಿಲ್ಲ. ಅಷ್ಟಕ್ಕೇ ಮೂರನೆಯ ದಾರಿ ಬಿದ್ದುಹೋಯಿತು.

ಊಲಾಗೆ ಸಂತೋಷವಾಗುತ್ತದೆಂದು ನಾನು ಓಡಿ ಹೋಗಿ ಹೇಳಿದೆ. ಅವಳು ಕಾಫಿ ಲೋಟವನ್ನು ಸಿಂಕಿಗೆ ಎಸೆದಳು.

"ತಪ್ಪು ಅಂತ ಬಿಟ್ಟಿದ್ರೆ ಸರಿ. ದುಡ್ಡಿಲ್ಲ ಅಂತ ಬಿಟ್ರು. ನಾಳೆ ದುಡ್ಡು ಬಂದ್ರೆ ಮಾಮನನ್ನ ಬದುಕಿಸಿ ಕೈಗೆ ಬಲೂನು ಕೊಡ್ತಾರೆ."

ಆಟ ಹೊರಬಂತು, ಹೆಸರು ಮಾಡಿತು. ವಾರ್ಸಾದ ಒಂದು ಸಮ್ಮೇಳನದಲ್ಲಿ ಸೆವೆರಿನ್ ವೇದಿಕೆ ಹತ್ತಿ, ಸುಲಭದ ದಾರಿ ಕೊಡಬಾರದೆಂದು ತಂಡ ಮೊದಲ ದಿನವೇ ತೀರ್ಮಾನಿಸಿತ್ತು ಎಂದ. ನಾವಿಬ್ಬರೂ ಮೂರನೆಯ ಸಾಲಿನಲ್ಲಿದ್ದೆವು. ಪ್ರಶ್ನೆ ಕೇಳುವ ಹೊತ್ತು ಬಂದಾಗ ಊಲಾ ಮೈಕು ತೆಗೆದುಕೊಂಡಳು.

"ಮೊದಲ ದಿನ ಅಂದ್ರೆ ಯಾವ ದಿನ, ಸೆವೆರಿನ್? ನಂಗೆ ನೆನಪಿಲ್ಲ."

ಸಭಿಕರು ತಮಾಷೆ ಎಂದುಕೊಂಡು ನಕ್ಕರು. ಅವನೂ ನಕ್ಕ. ಅವಳು ನಗಲಿಲ್ಲ, ಮೈಕು ಹಿಡಿದು ನಿಂತೇ ಇದ್ದಳು. ನಿರೂಪಕ ಮುಂದಿನ ಪ್ರಶ್ನೆಗೆ ಹೋದ ಮೇಲೆಯೇ ಕೂತದ್ದು. ಮರುತಿಂಗಳು ಕೆಲಸ ಬಿಟ್ಟು ಗ್ಲಿವಿತ್ಸೆಯ ಸಣ್ಣ ಕಂಪನಿ ಸೇರಿದಳು. ಅಲ್ಲಿಯೂ ಜಗಳವಾಡುತ್ತಾಳೆಂದು ಕೇಳುತ್ತೇನೆ.

ತಾಯಿಗೆ ಆಟ ತೋರಿಸಿದ್ದನ್ನು ಅವಳೇ ನನಗೆ ಹೇಳಿದಳು. ಹಿಲ್ಡೆಗಾರ್ಡಾ ಮಗಳ ಪಕ್ಕ ಕೂತು ಗೇಟಿನವರೆಗೂ ನೋಡಿದರಂತೆ. ಆಟದಲ್ಲಿ ಟೆಲಿಫೋನ್ ಎತ್ತುವ ಘಟ್ಟ ಬಂದಾಗ ಕೇಳಿದರಂತೆ:

"ನೀನು ಏನು ಮಾಡ್ತಿದ್ದೆ?"

"ಎರಡೂ ಮಾಡಿ ನೋಡಿದೀನಿ, ಅಮ್ಮಾ. ಅದೇ ಕೆಲಸ."

"ಕೆಲಸ ಕೇಳ್ಲಿಲ್ಲ."

"ಮುಚ್ಚಿಸ್ತಿದ್ದೆ."

ತಾಯಿ ಎದ್ದು ಕೋಟು ಹಾಕಿಕೊಂಡು ಹೋದರು. ಬೇಸಿಗೆಯಿಡೀ ಮಗಳ ಫೋನ್ ಎತ್ತಲಿಲ್ಲ. ನವೆಂಬರ್ ಒಂದಕ್ಕೆ, ಊರಿಗೆ ಊರೇ ಗೋರಿಗಳಿಗೆ ದೀಪ ಹಚ್ಚುವ ದಿನ, ಊಲಾ ಹೇಳದೆ ಕೇಳದೆ ಸ್ಮಶಾನಕ್ಕೆ ಹೋದಳು. ಹಿಲ್ಡೆಗಾರ್ಡಾ ಅಲೋಯಿಸನ ಕಲ್ಲಿನ ಮುಂದೆ ಮಂಡಿಯೂರಿ ಪಾಚಿ ತೆಗೆಯುತ್ತಿದ್ದರು. ತಲೆ ಎತ್ತಲಿಲ್ಲ. ಬ್ರಷನ್ನು ಮಗಳ ಕಡೆ ಚಾಚಿದರು.

"ಆ ಮೂಲೆ ಉಜ್ಜು. ನನಗೆ ಸೊಂಟ ಬಗ್ಗಲ್ಲ."

ಊಲಾ ಉಜ್ಜಿದಳು. ಇಬ್ಬರೂ ಇನ್ನೂ ಸಿಟ್ಟಿನಲ್ಲೇ ಇದ್ದರಂತೆ.